ನಿಮಗಿದು ಗೊತ್ತೆ? ಖಾಲಿ ಪಟ್ಟಿಯ ಎಫೆಕ್ಟ್ ಓಡುವುದು ಒಂದೇ ಸಲ

ಹಲಗೂರು ಹೋಬಳಿಯ ಮಳೆ ಪ್ರಮಾಣ ತೋರಿಸುವ ಪುಟವೊಂದನ್ನು ರಿಯಾಕ್ಟ್‌ನಲ್ಲಿ ಬರೆದಿದ್ದೀರಿ ಎನ್ನಿ. ಪುಟ ಮೊದಲ ಸಲ ಪರದೆಗೆ ಬಂದ ಮೇಲೆ ಒಮ್ಮೆ ಮಾತ್ರ ಮಾಹಿತಿ ತರಿಸಬೇಕಿದ್ದರೆ, ಎಫೆಕ್ಟ್‌ನ ಕೊನೆಗೆ ಖಾಲಿ ಪಟ್ಟಿ ಕೊಡುತ್ತೇವೆ. ಪ್ರತಿ ರೆಂಡರ್ ನಂತರ ರಿಯಾಕ್ಟ್ ಪಟ್ಟಿಯ ಹಳೆಯ ಮತ್ತು ಹೊಸ ಮೌಲ್ಯಗಳನ್ನು ಹೋಲಿಸುತ್ತದೆ. ಪಟ್ಟಿಯೇ ಖಾಲಿಯಾದಾಗ ಬದಲಾಗಲು ಏನೂ ಇಲ್ಲ, ಹಾಗಾಗಿ ಎಫೆಕ್ಟ್ ಮತ್ತೆ ಓಡುವುದಿಲ್ಲ.

```
useEffect(() => {
  console.log("ಆರಂಭ");
  return () => console.log("ಮುಕ್ತಾಯ");
}, []);
```

ಆದರೆ ಕನ್ಸೋಲ್‌ನಲ್ಲಿ "ಆರಂಭ" ಎರಡು ಸಲ ಕಾಣುತ್ತದಲ್ಲ ಎಂದು ಹಲವರು ಆಕ್ಷೇಪಿಸುತ್ತಾರೆ. ಸಾಲುಗಳ ಕ್ರಮ ನೋಡಿ: ಆರಂಭ, ಮುಕ್ತಾಯ, ಆರಂಭ. 2022ರಲ್ಲಿ ಬಂದ ರಿಯಾಕ್ಟ್ 18ರಿಂದ, `StrictMode` ಇದ್ದರೆ, ಅಭಿವೃದ್ಧಿ ಹಂತದಲ್ಲಿ ಮಾತ್ರ ಎಫೆಕ್ಟನ್ನು ಒಮ್ಮೆ ನಿಲ್ಲಿಸಿ ಮತ್ತೆ ಓಡಿಸಲಾಗುತ್ತದೆ. ಶುಚಿಗೊಳಿಸುವ ಕೋಡ್ ಬರೆಯದೆ ಬಿಟ್ಟ ತಪ್ಪು ಆಗಲೇ ಬಯಲಾಗಲಿ ಎಂಬುದು ಇದರ ಉದ್ದೇಶ. ಬಿಲ್ಡ್ ಮಾಡಿದ ಪ್ರತಿಯಲ್ಲಿ ಒಂದೇ "ಆರಂಭ" ಬರುತ್ತದೆ. ಪುಟದಲ್ಲಿ ಗುಂಡಿ ಒತ್ತಿ ಸ್ಟೇಟ್ ಬದಲಿಸಿ ನೋಡಿ. ಹೊಸ ಸಾಲು ಬರದಿದ್ದರೆ ಖಚಿತವಾಯಿತು. ಪ್ರತಿ ಸಲ ಒತ್ತಿದಾಗಲೂ ಮುಕ್ತಾಯ, ಆರಂಭ ಬಂದರೆ ಪಟ್ಟಿ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು.

"ಒಂದೇ ಸಲ" ಎಂದರೆ ಕಾಂಪೊನೆಂಟ್ ಪರದೆಗೆ ಬಂದ ಪ್ರತಿ ಬಾರಿಗೆ ಒಂದು ಸಲ. ಅದು ಮರೆಯಾಗಿ ಮರಳಿದರೆ ಮತ್ತೆ ಓಡುತ್ತದೆ. ಇನ್ನೊಂದು ಮಿತಿಯೇ ನನಗೆ ಹೆಚ್ಚು ಅಪಾಯಕಾರಿ ಎನಿಸುತ್ತದೆ. ಬಳಕೆದಾರರು ಹಲಗೂರು ಬಿಟ್ಟು ಕಿರುಗಾವಲು ಆರಿಸಿದರೆ, ಹೆಸರು ಬದಲಾದರೂ ಅಂಕಿಗಳು ಹಲಗೂರಿನವೇ ಉಳಿಯುತ್ತವೆ. ಅಲ್ಲಿ ಪಟ್ಟಿ ಖಾಲಿ ಇರಬಾರದು, `[hobli]` ಇರಬೇಕು.