ಮಿಡಿ ಫೈಲಿನ ಕೈಗೆ ಕೊಳಲು ಕೊಟ್ಟಾಗ

ಮಿಡಿ ಫೈಲಿನಲ್ಲಿ ಶಬ್ದವೇ ಇರುವುದಿಲ್ಲ. ಯಾವ ಸ್ವರ, ಎಲ್ಲಿ ಶುರು, ಎಲ್ಲಿ ನಿಲ್ಲಬೇಕು, ಎಷ್ಟು ಒತ್ತಿ ನುಡಿಸಬೇಕು ಎಂಬ ಸೂಚನೆಗಳಷ್ಟೇ ಇರುತ್ತವೆ. ನಾದ ಬರುವುದು ಸೌಂಡ್‌ಫಾಂಟಿನಿಂದ. ಅದರಲ್ಲಿ ನಿಜವಾದ ವಾದ್ಯಗಳ ಬಿಡಿ ಸ್ವರಗಳ ಧ್ವನಿಮುದ್ರಣಗಳಿರುತ್ತವೆ. ಸಾಮಾನ್ಯವಾಗಿ ಹಲವು ಸ್ವರಗಳಿಗೆ ಒಂದೇ ಮುದ್ರಣ; ಅದನ್ನು ವೇಗವಾಗಿಯೋ ನಿಧಾನವಾಗಿಯೋ ಓಡಿಸಿ ಅಕ್ಕಪಕ್ಕದ ಸ್ವರಗಳನ್ನು ಹೊರಡಿಸುತ್ತಾರೆ.

ಮೋಹನ ರಾಗದ ಒಂದು ಚಿಕ್ಕ ರಾಗಮಾಲಿಕೆಯಲ್ಲ, ಬರೀ ನಾಲ್ಕು ಸಾಲಿನ ಮಟ್ಟು ಬರೆದಿದ್ದೀರಿ ಎನ್ನಿ. ಷಡ್ಜ ಮಿಡಿಯ 60ನೇ ಸ್ವರದಲ್ಲಿದೆ. ಫ್ಲೂಯಿಡ್‌ಸಿಂತ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಶಬ್ದವಾಗಿಸಲು ಇಷ್ಟು ಸಾಕು:

```
fluidsynth -ni -F mohana.wav FluidR3_GM.sf2 mohana.mid
```

ವಾದ್ಯ ಹೇಳದಿದ್ದರೆ ಪಿಯಾನೋ ಕೇಳಿಸುತ್ತದೆ. 1991ರ ಜನರಲ್ ಮಿಡಿ ಪಟ್ಟಿಯ 128 ವಾದ್ಯಗಳಲ್ಲಿ ಕೊಳಲಿಗೆ ಹತ್ತಿರದ ಫ್ಲೂಟ್ 74ನೆಯದು. ಆದರೆ ಕೆಲವು ತಂತ್ರಾಂಶಗಳು ಸೊನ್ನೆಯಿಂದ ಎಣಿಸುತ್ತವೆ. ಅಲ್ಲಿ 73 ಎನ್ನಬೇಕು. 74 ಎಂದರೆ ಪಕ್ಕದ ರೆಕಾರ್ಡರ್ ನುಡಿಯುತ್ತದೆ. ಅದೂ ಊದುವ ವಾದ್ಯವೇ ಆದ್ದರಿಂದ ತಪ್ಪು ಬೇಗ ಗೊತ್ತಾಗುವುದಿಲ್ಲ.

ಮುಂದಿನ ತೊಡಕು ಶ್ರುತಿಯದು. ಪಾಶ್ಚಾತ್ಯ ಫ್ಲೂಟಿನ ತಳದ ಸ್ವರವೇ ಸುಮಾರು 60. ಮಟ್ಟು ಮಂದ್ರ ಪಂಚಮಕ್ಕೆ, ಅಂದರೆ 55ಕ್ಕೆ ಇಳಿದರೆ ನಿಜವಾದ ಫ್ಲೂಟ್ ಅದನ್ನು ನುಡಿಸಲಾರದು. ಸೌಂಡ್‌ಫಾಂಟ್ ಮಾತ್ರ ತಳದ ಮುದ್ರಣವನ್ನೇ ನಿಧಾನಗೊಳಿಸಿ ನುಡಿಸಿಬಿಡುತ್ತದೆ. ನಾದ ಮಂಕಾಗಿ, ಉಸಿರಿನ ಸದ್ದು ಭಾರವಾಗಿ ಕೇಳುತ್ತದೆ. ಇಡೀ ಮಟ್ಟನ್ನು ಏಳು ಸ್ವರಸ್ಥಾನ ಮೇಲೇರಿಸಿ. ಆಗ ಮಂದ್ರ ಪಂಚಮ 62ರಲ್ಲಿ ಕೂರುತ್ತದೆ. ಶ್ರುತಿ ಬದಲಿಸಲು ಮನಸ್ಸಿಲ್ಲದಿದ್ದರೆ ಪಿಟೀಲು ಆರಿಸಿ, ಅದರ ತಳದ ತಂತಿ 55ಕ್ಕೆ ಸರಿಯಾಗಿ ನಿಲ್ಲುತ್ತದೆ.

ಪಿಯಾನೋಗೆಂದು ಬರೆದ ಸ್ವರಗಳು ಒಂದರ ಬಾಲ ಇನ್ನೊಂದರ ಮೇಲೆ ಬೀಳುವುದುಂಟು. ಪಿಯಾನೋದಲ್ಲಿ ಅದು ಚೆಂದ. ಕೊಳಲಿನಲ್ಲಿ ಇಬ್ಬರು ಊದಿದಂತೆ ಕೇಳುತ್ತದೆ. ಪ್ರತಿ ಸ್ವರವನ್ನೂ ಮುಂದಿನದು ಶುರುವಾಗುವ ಮೊದಲೇ ಮುಗಿಸಿ, ಸಾಲಿನ ಕೊನೆಯಲ್ಲಿ ಉಸಿರಿಗೆ ಜಾಗ ಬಿಡಿ. ಒತ್ತೂ ಎಲ್ಲ ಕಡೆ 100 ಎಂದಿದ್ದರೆ ಯಂತ್ರದ ಓದಾಗುತ್ತದೆ. ಸಾಲಿನ ಏರಿಗೆ 95, ಜಾರುವ ಸ್ವರಗಳಿಗೆ 70 ಎಂದು ಹಂಚಿ ಕೇಳಿ ನೋಡಿ.

ಉಳಿದದ್ದು ಗಮಕ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ್ದು. ಗಾಂಧಾರದಿಂದ ಪಂಚಮಕ್ಕೆ ಜಾರಲು ಎರಡು ಸ್ವರ ಬರೆದರೆ ಪಂಚಮದಲ್ಲಿ ಹೊಸದಾಗಿ ಊದಿದ ಸದ್ದು ಬರುತ್ತದೆ. ಗಾಂಧಾರವೊಂದನ್ನೇ ಬರೆದು ಪಿಚ್ ಬೆಂಡ್‌ನಿಂದ ಮೇಲಕ್ಕೆಳೆಯಬೇಕು. ಅದು ರೂಢಿಯಲ್ಲಿ ಎರಡೇ ಸ್ವರಸ್ಥಾನ ಚಲಿಸುತ್ತದೆ, ಪಂಚಮ ಮೂರು ದೂರ. ಆದ್ದರಿಂದ ಫೈಲಿನ ಆರಂಭದಲ್ಲೇ ಬೆಂಡ್‌ನ ವ್ಯಾಪ್ತಿಯನ್ನು ಹಿಗ್ಗಿಸಿಡಬೇಕು. ಇಲ್ಲವಾದರೆ ಜಾರು ಪಂಚಮ ಮುಟ್ಟದೆ ಮೋಹನದಲ್ಲಿಲ್ಲದ ಮಧ್ಯಮದಲ್ಲಿ ನಿಂತುಬಿಡುತ್ತದೆ.