ಎಲುಬು ಕೇಳುವ ಭಾರ

ಬೆಳಗಿನ ಐದೂವರೆಗೆ ಗದಗಿನ ಭೀಷ್ಮ ಕೆರೆಯ ಕಡೆ ಬಿರುಸಿನಿಂದ ಹೆಜ್ಜೆ ಹಾಕುವ, ಬೆಟಗೇರಿಯ ಐವತ್ತೆಂಟರ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಮುಟ್ಟು ನಿಂತು ಹತ್ತು ವರ್ಷವಾಗಿದೆ. ತೂಕ 55 ಕಿಲೋ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ರಕ್ತದೊತ್ತಡವೂ ಸರಿಯಿದೆ. ಆದರೆ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಾಡಿಸಿದಾಗ ಬೆನ್ನೆಲುಬಿನ ಟಿ-ಸ್ಕೋರ್ ಮೈನಸ್ 2.1 ಬಂದಿದೆ. ಮೈನಸ್ 2.5 ತಲುಪಿದರೆ ಅದಕ್ಕೆ ಆಸ್ಟಿಯೋಪೊರೋಸಿಸ್ ಎಂದು ಹೆಸರು. “ದಿನಾ ಒಂದ್ ತಾಸು ಅಡ್ಡಾಡತೇನ್ರಿ, ಆದ್ರೂ ಎಲುಬು ಸವದಾವ ಅಂತಾರ” ಎಂಬ ಆಕೆಯ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರ ಎಲುಬಿನ ಒಳಗೇ ಇದೆ.

ಎಲುಬು ಕಲ್ಲಿನಂತೆ ಜಡವಲ್ಲ. ಅದರೊಳಗೆ ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಸದಾ ಕೆಲಸ ಮಾಡುತ್ತಿರುತ್ತವೆ. ಎಲ್ಲಿ ಕಟ್ಟಬೇಕು, ಎಲ್ಲಿ ಕರಗಿಸಬೇಕು ಎಂದು ಹೇಳುವುದು ಆಸ್ಟಿಯೋಸೈಟ್ ಎಂಬ ಮೂರನೆಯ ಬಗೆಯ ಕೋಶ. ಇವು ಎಲುಬಿನ ಗಟ್ಟಿ ಭಾಗದೊಳಗೆ ಹುದುಗಿದ್ದು, ಕೂದಲೆಳೆಗಿಂತ ಸಣ್ಣ ಕಾಲುವೆಗಳ ಮೂಲಕ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ಎಲುಬಿನ ಮೇಲೆ ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಆ ಕಾಲುವೆಗಳೊಳಗಿನ ದ್ರವ ಚಿಮ್ಮುತ್ತದೆ, ಆಸ್ಟಿಯೋಸೈಟ್ ಅದನ್ನು ಗ್ರಹಿಸುತ್ತದೆ. ಬಾಗುವಿಕೆ ಸಾಕಷ್ಟಿದ್ದರೆ ಆ ಕೋಶ ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನನ್ನು ಕಡಿಮೆ ಸ್ರವಿಸುತ್ತದೆ. ಸ್ಕ್ಲೆರೋಸ್ಟಿನ್ ಎಲುಬು ಕಟ್ಟುವ ಕೋಶಗಳನ್ನು ತಡೆಯುವ ಬ್ರೇಕು. ಬ್ರೇಕು ಸಡಿಲವಾದಾಗ ಕಟ್ಟುವ ಕೆಲಸ ಸಾಗುತ್ತದೆ.

ಈ ‘ಸಾಕಷ್ಟು’ ಎಂಬುದರಲ್ಲೇ ನಡಿಗೆ ಸೋಲುತ್ತದೆ. ನಡೆಯುವಾಗ ನೆಲ ಕಾಲಿಗೆ ಮರಳಿಸುವ ಒತ್ತಡ ಮೈತೂಕಕ್ಕಿಂತ ತುಸುವೇ ಹೆಚ್ಚು. ಆ ಒತ್ತಡವನ್ನು ಆಕೆಯ ಎಲುಬು ವರ್ಷದಿಂದ ವರ್ಷ ಸಾವಿರ ಸಾವಿರ ಸಲ ಕಂಡಿದೆ. ರೂಢಿಯಾದ ಭಾರಕ್ಕೆ ತಕ್ಕಷ್ಟು ಗಟ್ಟಿಯಾಗಿ ಎಲುಬು ಈಗಾಗಲೇ ಇದೆ, ಹೀಗಾಗಿ ಅದಕ್ಕೆ ಹೊಸದಾಗಿ ಏನನ್ನೂ ಕಟ್ಟುವ ಕಾರಣ ಕಾಣುವುದಿಲ್ಲ. ನಡಿಗೆಯ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಮುಟ್ಟು ನಿಂತ ಮಹಿಳೆಯರ ಬೆನ್ನೆಲುಬಿಗೆ ಗಮನಿಸುವಂಥ ಲಾಭವೇನೂ ಕಾಣಲಿಲ್ಲ. ತೊಡೆಯೆಲುಬಿನ ಕುತ್ತಿಗೆಯ ಭಾಗಕ್ಕೆ ಮಾತ್ರ ಅಲ್ಪ ಪ್ರಯೋಜನವಿತ್ತು. ಹೃದಯ, ಸಕ್ಕರೆ, ಮನಸ್ಸು ಇವಕ್ಕೆಲ್ಲ ನಡಿಗೆ ಬೇಕೇ ಬೇಕು. ಎಲುಬಿಗೂ ಅದೊಂದೇ ಸಾಕು ಎಂದುಕೊಳ್ಳುವುದೇ ತಪ್ಪು.

ಇನ್ನೊಂದು ಸಂಗತಿ ಎಣಿಕೆಗೆ ಸಂಬಂಧಿಸಿದ್ದು. 1984ರಲ್ಲಿ ಕ್ಲಿಂಟನ್ ರೂಬಿನ್ ಮತ್ತು ಲ್ಯಾನ್ಸ್ ಲ್ಯಾನ್ಯನ್ ಹಕ್ಕಿಯ ರೆಕ್ಕೆಯ ಮೂಳೆಯೊಂದನ್ನು ಅದರ ಸಹಜ ಕೆಲಸದಿಂದ ಬಿಡಿಸಿ, ತಾವೇ ಅಳತೆಯ ಭಾರ ಹಾಕಿ ನೋಡಿದರು. ದಿನಕ್ಕೆ ನಾಲ್ಕೇ ಸಲ ಭಾರ ಹಾಕಿದರೂ ಮೂಳೆ ಸವೆಯಲಿಲ್ಲ. 36 ಸಲ ಹಾಕಿದಾಗ ದಪ್ಪವಾಯಿತು. 1,800 ಸಲ ಹಾಕಿದಾಗ ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಎಲುಬು ಬೇಗ ದಣಿದು ಕಿವಿ ಮುಚ್ಚಿಕೊಳ್ಳುವ ಕೇಳುಗ. ಅದಕ್ಕೆ ನೂರು ಸಲ ಪಿಸುಗುಟ್ಟುವುದಕ್ಕಿಂತ ಕೆಲವೇ ಸಲ ಗಟ್ಟಿಯಾಗಿ ಹೇಳುವುದು ಮೇಲು.

ಇಲ್ಲಿ ಉತ್ತರ ಕರ್ನಾಟಕದ ಯಾವ ಹೆಣ್ಣುಮಗಳಾದರೂ ಎದುರು ಪ್ರಶ್ನೆ ಹಾಕಬಹುದು. ಮುಂಡರಗಿ, ಶಿರಹಟ್ಟಿ ಸೀಮೆಯಲ್ಲಿ ಕೊಡ ಹೊತ್ತು, ಹೊರೆ ಹೊತ್ತು, ಬೀಸುಕಲ್ಲು ತಿರುಗಿಸಿ ಮುಪ್ಪಾದವರಿಗೂ ಬೆನ್ನು ಬಾಗುವುದೇಕೆ? ಹೊರುವುದು ಭಾರವಲ್ಲವೇ? ಭಾರವೇ, ಆದರೆ ಎರಡು ತೊಡಕುಗಳಿವೆ. ತಲೆಯ ಮೇಲೆ ಕದಲದೆ ಕೂತ ಕೊಡದ ಒತ್ತಡ ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿ ಇರುತ್ತದೆ. ಏರಿಳಿಯದ ಭಾರಕ್ಕೆ ಕಾಲುವೆಯ ದ್ರವ ಚಿಮ್ಮುವುದಿಲ್ಲ. ಅದೇ ಲ್ಯಾನ್ಯನ್ ಮತ್ತು ರೂಬಿನ್, ನಿಂತ ಭಾರ ಹಾಕಿದ ಮೂಳೆಯೂ ಭಾರವೇ ಇಲ್ಲದ ಮೂಳೆಯಂತೆ ಸವೆದದ್ದನ್ನು ತೋರಿಸಿದ್ದಾರೆ. ಎರಡನೆಯದಾಗಿ, ಕೊಡ ಇಪ್ಪತ್ತರಲ್ಲೂ ಅಷ್ಟೇ, ನಲವತ್ತರಲ್ಲೂ ಅಷ್ಟೇ. ಎಲುಬು ಅದಕ್ಕೆ ಹೊಂದಿಕೊಂಡು ಮುಗಿದಿರುತ್ತದೆ. ನಲ್ಲಿ, ಗಿರಣಿ, ಮಿಕ್ಸರ್ ಬಂದ ಮನೆಗಳಲ್ಲಿ ಆ ಭಾರವೂ ಹೋಯಿತು. ಅದು ಹೋಗುವ ಹೊತ್ತಿಗೇ ಮುಟ್ಟೂ ನಿಂತಿತು ಎಂದರೆ ಎಲುಬಿಗೆ ಎರಡು ಆಸರೆ ಒಟ್ಟಿಗೆ ತಪ್ಪಿದಂತೆ.

ಯಾಕೆಂದರೆ ಈಸ್ಟ್ರೋಜೆನ್ ಎಲುಬು ಕರಗಿಸುವ ಕೋಶಗಳಿಗೆ ಕಡಿವಾಣ. ಮುಟ್ಟು ನಿಲ್ಲುವ ಸಮಯದ ಕೆಲವು ವರ್ಷ ಬೆನ್ನೆಲುಬಿನ ಸಾಂದ್ರತೆ ವರ್ಷಕ್ಕೆ ಸುಮಾರು ಶೇ. 2ರಂತೆ ಇಳಿಯುತ್ತದೆ. ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ನೋವಿನ ಮುಖವಿದೆ. ಪಕ್ಕದ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಭಾಗದಲ್ಲಿ ಬಹಳಷ್ಟು ಮಹಿಳೆಯರು, ಅದರಲ್ಲೂ ಲಂಬಾಣಿ ತಾಂಡಾಗಳವರು, ಚಿಕ್ಕ ವಯಸ್ಸಿಗೇ ಅನಗತ್ಯವಾಗಿ ಗರ್ಭಕೋಶ ಕಳೆದುಕೊಂಡೆವೆಂದು ಬೀದಿಗಿಳಿದು ಹೋರಾಡಿದ್ದಾರೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜೆನ್ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಮೂವತ್ತೈದರಲ್ಲಿ ಹಾಗಾದವಳ ಎಲುಬು ಐವತ್ತರಲ್ಲಿ ಅರವತ್ತೈದರ ಎಲುಬಿನಂತಿದ್ದರೆ ಅಚ್ಚರಿಯಿಲ್ಲ. ‘ದೊಡ್ಡ ಆಪರೇಶನ್’ ಆಗಿದೆ ಎನ್ನುವ ಪ್ರತಿಯೊಬ್ಬರೂ ಅಂಡಾಶಯ ಉಳಿದಿದೆಯೋ ಇಲ್ಲವೋ ಎಂದು ಹಳೆಯ ಕಾಗದ ತೆಗೆದು ನೋಡಬೇಕು.

ಹಾಗಾದರೆ ಎಷ್ಟು ಭಾರ? ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟದ್ದು ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಬೆಲಿಂಡಾ ಬೆಕ್ ಮತ್ತು ಸಂಗಡಿಗರ ಪ್ರಯೋಗ. 2018ರಲ್ಲಿ ಪ್ರಕಟವಾದ ಇದರ ಹೆಸರು ಲಿಫ್ಟ್‌ಮೋರ್. ಎಲುಬು ಸವೆದ 101 ಮಹಿಳೆಯರು, ಸರಾಸರಿ ವಯಸ್ಸು 65. ಅರ್ಧದಷ್ಟು ಜನ ಮನೆಯಲ್ಲೇ ಹಗುರ ತೂಕದ ವ್ಯಾಯಾಮ ಮಾಡಿದರು. ಉಳಿದವರು ವಾರಕ್ಕೆ ಎರಡು ಸಲ, ತಲಾ ಅರ್ಧ ಗಂಟೆ, ತರಬೇತುದಾರರ ಕಣ್ಣೆದುರೇ ನಿಜವಾದ ಭಾರ ಎತ್ತಿದರು. ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್, ಹೆಗಲ ಮೇಲೆ ಭಾರವಿಟ್ಟು ಕೂತೇಳುವ ಸ್ಕ್ವಾಟ್, ತಲೆಯ ಮೇಲಕ್ಕೆ ಎತ್ತುವುದು, ಜೊತೆಗೆ ಬಾರಿಗೆ ಜಿಗಿದು ಹಿಡಿದು ನೆಲಕ್ಕೆ ಧೊಪ್ಪನೆ ಇಳಿಯುವುದು. ಎಂಟು ತಿಂಗಳ ಬಳಿಕ ಭಾರ ಎತ್ತಿದವರ ಬೆನ್ನೆಲುಬಿನ ಸಾಂದ್ರತೆ ಸರಾಸರಿ ಶೇ. 2.9 ಏರಿತ್ತು. ಹಗುರ ವ್ಯಾಯಾಮದವರದು ಶೇ. 1.2 ಇಳಿದಿತ್ತು. ಗಂಭೀರ ಪೆಟ್ಟು ಯಾರಿಗೂ ಆಗಲಿಲ್ಲ. ಒಬ್ಬರಿಗೆ ಸೊಂಟ ಸ್ವಲ್ಪ ಹಿಡಿದುಕೊಂಡಿತ್ತು.

ಲೆಕ್ಕವನ್ನು ಬೆಟಗೇರಿಯ ನಮ್ಮ ಹೆಣ್ಣುಮಗಳಿಗೆ ಹೊಂದಿಸಿ ನೋಡೋಣ. ಪ್ರಯೋಗದಲ್ಲಿ ಎತ್ತಿದ್ದು, ಒಬ್ಬರು ಒಂದೇ ಸಲಕ್ಕೆ ಎತ್ತಬಲ್ಲ ಗರಿಷ್ಠ ಭಾರದ ಶೇ. 85ಕ್ಕಿಂತ ಹೆಚ್ಚು. ಆಕೆ ಕಷ್ಟಪಟ್ಟು 40 ಕಿಲೋ ಒಮ್ಮೆ ಎತ್ತಬಲ್ಲಳಾದರೆ ಅದರ ಶೇ. 85 ಎಂದರೆ 34 ಕಿಲೋ. ಅದನ್ನು ಐದು ಸಲ ಎತ್ತಿ, ತುಸು ದಣಿವಾರಿಸಿಕೊಂಡು, ಹೀಗೆ ಐದು ಸುತ್ತು. ಒಟ್ಟು 25 ಎತ್ತುವಿಕೆ. ಒಂದು ತಾಸಿನ ನಡಿಗೆಯ ಸುಮಾರು ಆರು ಸಾವಿರ ಹೆಜ್ಜೆಗಳ ಎದುರು ಈ ಇಪ್ಪತ್ತೈದನ್ನು ಇಟ್ಟು ನೋಡಿದರೆ ಹಕ್ಕಿಯ ರೆಕ್ಕೆ ಹೇಳಿದ್ದು ನೆನಪಾಗುತ್ತದೆ.

ಆದರೆ ಮೊದಲ ದಿನವೇ ಯಾರೂ ಅಲ್ಲಿಗೆ ಹೋಗಲಿಲ್ಲ. ಮೊದಲ ತಿಂಗಳೆಲ್ಲ ಹಗುರ ಭಾರದಲ್ಲಿ ಎತ್ತುವ ರೀತಿ ಕಲಿಯುವುದಕ್ಕೇ ಮೀಸಲಾಗಿತ್ತು. ಬೆಟಗೇರಿಯಲ್ಲೂ ಅದು ಒಂದು ಬಡಿಗೆಯಿಂದ ಆರಂಭವಾಗಬೇಕು. ಬಡಿಗೆಯನ್ನು ಬೆನ್ನಿಗೆ ಉದ್ದಕ್ಕೆ ಹಿಡಿದರೆ ತಲೆಯ ಹಿಂಭಾಗ, ಬೆನ್ನಿನ ನಡು, ಟೊಂಕದ ಕೆಳಗಿನ ಎಲುಬು ಈ ಮೂರೂ ಕಡೆ ತಾಗಬೇಕು. ಮುಂದಕ್ಕೆ ಬಾಗುವಾಗ ಅಂಡನ್ನು ಹಿಂದಕ್ಕೆ ತಳ್ಳಿ ತೊಡೆಸಂದಿನಲ್ಲಿ ಮಡಚಬೇಕು. ಬಡಿಗೆ ಎಲ್ಲಿಯೂ ಬೆನ್ನು ಬಿಡಬಾರದು. ಅದು ಕೈವಶವಾದ ಮೇಲೆ ಭಾರ. ಜಿಮ್ ದೂರವಿರುವ ಲಕ್ಷ್ಮೇಶ್ವರದ ಹಳ್ಳಿಯಲ್ಲಿ ಹಿಡಿಕೆಯ ಪ್ಲಾಸ್ಟಿಕ್ ಕ್ಯಾನು ಒಳ್ಳೆಯ ಸಾಧನ. ಒಂದು ಲೀಟರ್ ನೀರು ಒಂದು ಕಿಲೋ. ಎರಡೂ ಕೈಯಲ್ಲಿ ಐದೈದು ಲೀಟರಿನಿಂದ ತೊಡಗಿ, ಸಲೀಸಾದಾಗ ಒಂದೊಂದು ಲೀಟರ್ ಏರಿಸುತ್ತ ಹೋಗಬಹುದು. ಮೇಲಿನ ಅಳತೆಯ ಭಾರಕ್ಕೆ ಮಾತ್ರ ಪಕ್ಕದಲ್ಲಿ ಬಲ್ಲವರು ಇರಲೇಬೇಕು, ಪ್ರಯೋಗದ ಸುರಕ್ಷತೆ ನಿಂತದ್ದೇ ಆ ಮೇಲ್ವಿಚಾರಣೆಯ ಮೇಲೆ. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಗಂಡಸರಿಗೆ ಗರಡಿಯ ಉಸ್ತಾದರು ಹೇಳಿಕೊಡುವುದೂ ಮೊದಲು ನಿಲುವನ್ನೇ, ಕಲ್ಲು ಆಮೇಲೆ. ಆ ಜ್ಞಾನ ಹೆಣ್ಣುಮಕ್ಕಳ ಪಾಲಿಗೆ ಬರಲಿಲ್ಲ ಎಂಬುದು ಬೇಸರದ ಸಂಗತಿ.

ಬೆನ್ನು ನೆಟ್ಟಗಿರಬೇಕು ಎಂಬುದು ಚೆಂದಕ್ಕೆ ಹೇಳುವ ಮಾತಲ್ಲ. ಬೆನ್ನು ಗುಡುಸಾದಾಗ ಕಶೇರುಮಣಿಯ ಮುಂಭಾಗದ ಅಂಚಿಗೆ ಒತ್ತಡವೆಲ್ಲ ಬೀಳುತ್ತದೆ, ಟೊಳ್ಳಾದ ಮಣಿ ಅಲ್ಲೇ ಕುಸಿಯುತ್ತದೆ. 1984ರಲ್ಲಿ ಮೇಯೋ ಕ್ಲಿನಿಕ್‌ನ ವೈದ್ಯರು ಎಲುಬು ಸವೆದ 59 ಮಹಿಳೆಯರನ್ನು ಗಮನಿಸಿದರು. ಬೆನ್ನು ಹಿಂದಕ್ಕೆ ಸೆಟೆಸುವ ವ್ಯಾಯಾಮ ಮಾಡಿದವರಲ್ಲಿ ಶೇ. 16 ಮಂದಿಗೆ ಬೆನ್ನೆಲುಬಿನಲ್ಲಿ ಹೊಸ ಕುಸಿತ ಕಂಡಿತು. ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಅದು ಶೇ. 89. ಚಿಕ್ಕ ಅಧ್ಯಯನವಾದರೂ ಎಚ್ಚರಿಕೆ ದೊಡ್ಡದು. ನಮ್ಮಲ್ಲಿ ಕಸ ಗುಡಿಸುವುದು, ಕಳೆ ಕೀಳುವುದು, ಕೊಡ ಎತ್ತುವುದು ಎಲ್ಲವೂ ಬೆನ್ನು ಗುಡುಸು ಮಾಡಿಯೇ. ಎಲುಬು ಸವೆದವರು ಯೋಗದ ಹೆಸರಿನಲ್ಲಿ ಕಾಲ್ಬೆರಳು ಮುಟ್ಟಲು ಹೆಣಗುವುದೂ ಇದೇ ಸಾಲಿನದು.

ಆದ್ದರಿಂದ ಭಾರಕ್ಕೆ ಕೈಹಚ್ಚುವ ಮೊದಲು ಒಂದು ತಪಾಸಣೆ ಬೇಕು. ಹರೆಯದಲ್ಲಿದ್ದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕುಗ್ಗಿದ್ದರೆ, ಬೆನ್ನು ಗೂನಾಗುತ್ತಿದ್ದರೆ, ಏನನ್ನೋ ಎತ್ತಿದಾಗ ಬೆನ್ನಲ್ಲಿ ಛಳಕು ಹೊಡೆದು ವಾರಗಟ್ಟಲೆ ಮಲಗಿದ್ದರೆ ಕಶೇರುಮಣಿ ಆಗಲೇ ಕುಸಿದಿರಬಹುದು. ಎಕ್ಸ್‌ರೇ ತೆಗೆಸದೆ ಭಾರ ಮುಟ್ಟಬಾರದು. ಹತೋಟಿಯಿಲ್ಲದ ರಕ್ತದೊತ್ತಡ ಇದ್ದವರು ಮೊದಲು ಅದನ್ನು ಇಳಿಸಿಕೊಳ್ಳಬೇಕು. ವೈದ್ಯರು ಎಲುಬಿಗೆ ಔಷಧ ಬರೆದಿದ್ದರೆ ಭಾರ ಎತ್ತುತ್ತೇನೆಂದು ಅದನ್ನು ನಿಲ್ಲಿಸುವಂತಿಲ್ಲ. ಲಿಫ್ಟ್‌ಮೋರ್ ಅಳೆದದ್ದು ಸಾಂದ್ರತೆಯನ್ನು, ಮುರಿತಗಳನ್ನಲ್ಲ.

ಫಲ ಸಿಗುತ್ತಿದೆಯೇ ಎಂದು ತಿಳಿಯುವುದೂ ಸರಳವಲ್ಲ. ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಚ್ಚಿ ಕೊಡುವ ಅಂಕಿಯಿಂದ ವರ್ಷದ ಬದಲಾವಣೆ ಗೊತ್ತಾಗುವುದಿಲ್ಲ. ಡೆಕ್ಸಾ ಯಂತ್ರಕ್ಕೂ ತನ್ನದೇ ಅಳತೆಯ ತಪ್ಪಿರುತ್ತದೆ. ಸಾಮಾನ್ಯವಾಗಿ ಶೇ. 3ರಿಂದ 5ರೊಳಗಿನ ಏರಿಳಿತವನ್ನು ಒಬ್ಬ ವ್ಯಕ್ತಿಯಲ್ಲಿ ನಿಜವಾದ ಬದಲಾವಣೆ ಎನ್ನಲಾಗದು. ಎಲುಬು ಒಂದು ಸುತ್ತು ಕರಗಿ ಕಟ್ಟಲು ನಾಲ್ಕಾರು ತಿಂಗಳು ಬೇಕು, ಹಾಗಾಗಿ ಮರುಪರೀಕ್ಷೆ ವರ್ಷದ ಬಳಿಕ, ಅದೇ ಯಂತ್ರದಲ್ಲಿ, ಬೆನ್ನು ಮತ್ತು ಟೊಂಕ ಎರಡಕ್ಕೂ ಆಗಬೇಕು. ವಯಸ್ಸಾದವರ ಬೆನ್ನಿನ ಸಂಧಿವಾತ ಅಲ್ಲಿನ ಅಂಕಿಯನ್ನು ಸುಳ್ಳೇ ಏರಿಸುತ್ತದೆ. ಅಲ್ಲಿಯತನಕ ಬೆಟಗೇರಿಯ ಆಕೆಗೆ ನಂಬಬಹುದಾದ ಲೆಕ್ಕ ಒಂದು ಪಟ್ಟಿ ಪುಸ್ತಕ: ತಾರೀಖು, ಎತ್ತಿದ ಕಿಲೋ, ಎಷ್ಟು ಸಲ. ಮೂರು ತಿಂಗಳ ಕೆಳಗೆ 20 ಇದ್ದದ್ದು ಇಂದು 30 ಆಗಿದ್ದರೆ ಎಲುಬಿಗೆ ಹೊಸ ಮಾತು ಕೇಳುತ್ತಿದೆ. 20ಕ್ಕೇ ನಿಂತಿದ್ದರೆ ಅದೂ ಕೊಡದಂತೆ ರೂಢಿಯಾಗಿದೆ, ಇನ್ನೆರಡು ಕಿಲೋ ಸೇರಿಸುವ ಹೊತ್ತು ಬಂದಿದೆ.