ಬಾಡಿಗೆ ಮಹಡಿ, ಸ್ವಂತ ಮಹಡಿ: ಒಂದೇ ಕಟ್ಟಡಕ್ಕೆ ಎರಡು ಲೆಕ್ಕ

ಬೆಂಗಳೂರಿನಲ್ಲಿ ಐದು ಮಹಡಿಯ ಕಟ್ಟಡ ಹೊಂದಿರುವ ಒಂದು ಕಂಪನಿಯನ್ನು ಊಹಿಸಿಕೊಳ್ಳಿ. ಎರಡು ಮಹಡಿಗಳಲ್ಲಿ ಅದರದೇ ಕಚೇರಿ ಇದೆ. ಮೂರು ಮಹಡಿಗಳನ್ನು ಹೊರಗಿನವರಿಗೆ ಬಾಡಿಗೆಗೆ ಕೊಟ್ಟಿದೆ. ಜಾಗಕ್ಕೆ 6 ಕೋಟಿ, ಕಟ್ಟಡಕ್ಕೆ 9 ಕೋಟಿ, ಒಟ್ಟು 15 ಕೋಟಿ ರೂಪಾಯಿ ತಗುಲಿದೆ. ತಳಪಾಯ ಒಂದೇ, ಮೆಟ್ಟಿಲು ಒಂದೇ. ಆದರೂ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಇದು ಎರಡು ಸಾಲುಗಳಲ್ಲಿ ಬರುತ್ತದೆ.

ಲಿಸ್ಟೆಡ್ ಹಾಗೂ ದೊಡ್ಡ ಕಂಪನಿಗಳು ಪಾಲಿಸಬೇಕಾದ ಇಂಡ್ ಎಎಸ್ ಲೆಕ್ಕಪತ್ರ ಮಾನದಂಡಗಳಲ್ಲಿ ಸ್ವಂತ ಬಳಕೆಯ ಆಸ್ತಿಗೆ 16ನೆಯದು, ಬಾಡಿಗೆಗೋ ಬೆಲೆ ಏರಲೆಂದೋ ಇಟ್ಟುಕೊಂಡ ಆಸ್ತಿಗೆ 40ನೆಯದು ಅನ್ವಯಿಸುತ್ತದೆ. ಕಾರಣ ಸರಳ. ಕಚೇರಿಯ ಮಹಡಿ ತಾನಾಗಿ ಹಣ ತರುವುದಿಲ್ಲ. ಅಲ್ಲಿ ಕೂತು ಕೆಲಸ ಮಾಡುವ ಜನ, ಯಂತ್ರ, ಸರಕು ಎಲ್ಲ ಸೇರಿದರೆ ಮಾತ್ರ ಆದಾಯ. ಬಾಡಿಗೆ ಮಹಡಿ ಕಂಪನಿಯ ಉಳಿದ ವ್ಯವಹಾರದ ಹಂಗಿಲ್ಲದೆ ಪ್ರತಿ ತಿಂಗಳೂ ಹಣ ತರುತ್ತದೆ. ಅದಕ್ಕೇ ಅದನ್ನು ‘ಹೂಡಿಕೆ ಆಸ್ತಿ’ ಎಂದು ಬೇರೆ ಸಾಲಿನಲ್ಲಿ ತೋರಿಸಬೇಕು.

ಹೀಗೆ ಪಾಲು ಮಾಡಲು ಒಂದು ಷರತ್ತಿದೆ. ಪ್ರತಿ ಮಹಡಿಯನ್ನೂ ಬೇರೆಯಾಗಿ ಮಾರುವಂತಿರಬೇಕು, ನಿಜವಾಗಿ ಮಾರಬೇಕೆಂದೇನಿಲ್ಲ. ಹಾಗೆ ಮಾರಲು ಬಾರದ ಕಟ್ಟಡವಾದರೆ, ಸ್ವಂತಕ್ಕೆ ಬಳಸುವ ಭಾಗ ತೀರಾ ಚಿಕ್ಕದಾಗಿದ್ದರೆ ಮಾತ್ರ ಇಡೀ ಕಟ್ಟಡ ಹೂಡಿಕೆ ಆಸ್ತಿ. ಐದರಲ್ಲಿ ಎರಡು ಮಹಡಿಯನ್ನು ಚಿಕ್ಕ ಭಾಗ ಎನ್ನಲಾಗದು. ಆಗ ಕಟ್ಟಡವೆಲ್ಲ ಸ್ವಂತ ಬಳಕೆಯ ಆಸ್ತಿಯೇ. ನಮ್ಮ ಕಂಪನಿಯ ಮಹಡಿಗಳನ್ನು ಬೇರೆ ಬೇರೆ ಮಾರಬಹುದು, ಎಲ್ಲವೂ ಒಂದೇ ಅಳತೆಯವು ಎಂದುಕೊಳ್ಳೋಣ. ಆಗ 9 ಕೋಟಿ ಬಾಡಿಗೆ ಭಾಗಕ್ಕೆ, 6 ಕೋಟಿ ಸ್ವಂತ ಭಾಗಕ್ಕೆ ಹೋಗುತ್ತದೆ.

ಮೊದಮೊದಲು ಎರಡರ ಲೆಕ್ಕದಲ್ಲೂ ವ್ಯತ್ಯಾಸ ಕಾಣುವುದಿಲ್ಲ. ಜಾಗಕ್ಕೆ ಸವಕಳಿ ಇಲ್ಲ. ಕಾಂಕ್ರೀಟ್ ಚೌಕಟ್ಟಿನ ಕಚೇರಿ ಕಟ್ಟಡಕ್ಕೆ 2013ರ ಕಂಪನಿ ಕಾಯ್ದೆ ಸೂಚಿಸುವ ಆಯುಷ್ಯ 60 ವರ್ಷ. ಕೊನೆಗೆ ಉಳಿಯುವ ಬೆಲೆಯನ್ನು ಸೊನ್ನೆ ಎಂದಿಟ್ಟುಕೊಂಡರೆ 9 ಕೋಟಿಗೆ ವರ್ಷಕ್ಕೆ 15 ಲಕ್ಷ ಸವಕಳಿ. ಹತ್ತು ವರ್ಷ ಕಳೆದಾಗ ಪುಸ್ತಕದಲ್ಲಿ ಬಾಡಿಗೆ ಭಾಗ 8.1 ಕೋಟಿ, ಸ್ವಂತ ಭಾಗ 5.4 ಕೋಟಿ ಇರುತ್ತದೆ.

ಅಷ್ಟರಲ್ಲಿ ಇಡೀ ಆಸ್ತಿಯ ಮಾರುಕಟ್ಟೆ ಬೆಲೆ 30 ಕೋಟಿಗೆ ಏರಿದೆ ಎನ್ನಿ. ದಾರಿಗಳು ಕವಲೊಡೆಯುವುದು ಇಲ್ಲಿ. ಸ್ವಂತ ಭಾಗಕ್ಕೆ ಕಂಪನಿ ಬಯಸಿದರೆ ಮರುಮೌಲ್ಯಮಾಪನ ಮಾಡಿಸಬಹುದು. ಆದರೆ ತನಗೆ ಬೇಕಾದ ಒಂದೇ ಕಟ್ಟಡಕ್ಕೆ ಅಲ್ಲ, ಆ ವರ್ಗದ ಎಲ್ಲ ಆಸ್ತಿಗೂ ಮಾಡಿಸಬೇಕು. 5.4 ಕೋಟಿ 12 ಕೋಟಿಯಾದಾಗ ಹೆಚ್ಚಿದ 6.6 ಕೋಟಿ ಆ ವರ್ಷದ ಲಾಭಕ್ಕೆ ಸೇರದೆ ಮರುಮೌಲ್ಯ ಮೀಸಲಿಗೆ ಹೋಗುತ್ತದೆ. ಮುಂದೆ ಮಾರಿದರೂ ಆ ಮೀಸಲು ಲಾಭ-ನಷ್ಟ ಪಟ್ಟಿಯನ್ನು ಮುಟ್ಟದು.

ಬಾಡಿಗೆ ಭಾಗಕ್ಕೆ ಈ ಅವಕಾಶವೇ ಇಲ್ಲ. ಅಂತಾರಾಷ್ಟ್ರೀಯ ಮಾನದಂಡವಾದ ಐಎಎಸ್ 40ರಲ್ಲಿ ಹೂಡಿಕೆ ಆಸ್ತಿಯನ್ನು ಮಾರುಕಟ್ಟೆ ಬೆಲೆಯಲ್ಲೇ ತೋರಿಸಿ, ಸವಕಳಿ ಬಿಟ್ಟು, ಆಯಾ ವರ್ಷದ ಏರಿಳಿತವನ್ನು ಲಾಭ-ನಷ್ಟಕ್ಕೆ ತರುವ ಆಯ್ಕೆ ಇದೆ. ಭಾರತ ಅದನ್ನು ಕೈಬಿಟ್ಟು, ಕೊಂಡ ಬೆಲೆಯಲ್ಲಿ ಸವಕಳಿ ಕಳೆಯುವ ದಾರಿಯನ್ನಷ್ಟೇ ಉಳಿಸಿಕೊಂಡಿತು. ಹಾಗಾಗಿ 18 ಕೋಟಿ ಬಾಳುವ ಆಸ್ತಿ ಬ್ಯಾಲೆನ್ಸ್ ಶೀಟಿನಲ್ಲಿ 8.1 ಕೋಟಿ ಎಂದೇ ಇರುತ್ತದೆ. ಆದರೆ ಮಾರುಕಟ್ಟೆ ಬೆಲೆಯನ್ನು ಟಿಪ್ಪಣಿಯಲ್ಲಿ ಹೇಳುವುದು ಕಡ್ಡಾಯ. ಕಂಪನಿ ಈ ಮಹಡಿಗಳನ್ನು 18 ಕೋಟಿಗೆ ಮಾರಿದರೆ 9.9 ಕೋಟಿ ಒಂದೇ ವರ್ಷದ ಲಾಭವಾಗಿ ಬರುತ್ತದೆ. ಹತ್ತು ವರ್ಷಗಳಿಂದ ಬೆಳೆದ ಬೆಲೆಯನ್ನು ಆ ವರ್ಷದ ವ್ಯಾಪಾರದ ಸಾಧನೆ ಎಂದು ಹೂಡಿಕೆದಾರ ತಿಳಿದರೆ, ಮರುವರ್ಷ ಲಾಭ ಕುಸಿದಾಗ ಕಂಗಾಲಾಗುತ್ತಾನೆ.

ವರ್ಗೀಕರಣದಲ್ಲೂ ಎಡವುವ ಜಾಗಗಳಿವೆ. ನೌಕರರಿಗೆ ಕೊಟ್ಟ ಕ್ವಾರ್ಟರ್ಸ್‌ಗೆ ಅವರು ಪೂರ್ತಿ ಮಾರುಕಟ್ಟೆ ದರದ ಬಾಡಿಗೆ ಕಟ್ಟಿದರೂ ಅದು ಸ್ವಂತ ಬಳಕೆಯೇ. ಅಂಗಸಂಸ್ಥೆಯ ಕಚೇರಿಗೆ ಬಾಡಿಗೆಗೆ ಕೊಟ್ಟ ಮಹಡಿ ಮೂಲ ಕಂಪನಿಯ ಪ್ರತ್ಯೇಕ ಲೆಕ್ಕದಲ್ಲಿ ಹೂಡಿಕೆ ಆಸ್ತಿ; ಇಡೀ ಸಮೂಹದ ಒಟ್ಟು ಲೆಕ್ಕದಲ್ಲಿ ಅದೇ ಮಹಡಿ ಸ್ವಂತ ಬಳಕೆಯದು, ಏಕೆಂದರೆ ಒಬ್ಬರೇ ಕೊಟ್ಟು ಒಬ್ಬರೇ ತೆಗೆದುಕೊಂಡಂತಾಯಿತು. ಮುಂದೆ ಬಾಡಿಗೆಗೆ ಕೊಡುತ್ತೇವೆ ಎಂಬ ಆಡಳಿತ ಮಂಡಳಿಯ ಉದ್ದೇಶವೊಂದೇ ಸಾಲದು. ಕಚೇರಿ ಖಾಲಿ ಮಾಡುವಂಥ ಕಣ್ಣಿಗೆ ಕಾಣುವ ಪುರಾವೆ ಬೇಕು.

ವಾರ್ಷಿಕ ವರದಿ ಕೈಗೆ ಬಂದಾಗ ಹೂಡಿಕೆ ಆಸ್ತಿಯ ಟಿಪ್ಪಣಿಯಲ್ಲಿ ಮೂರು ಅಂಕಿಗಳನ್ನು ಹುಡುಕಿ: ಪುಸ್ತಕದ ಬೆಲೆ, ಮಾರುಕಟ್ಟೆ ಬೆಲೆ, ಬಂದ ಬಾಡಿಗೆ. ಮಾರುಕಟ್ಟೆ ಬೆಲೆ ದೊಡ್ಡದಿದ್ದು ಬಾಡಿಗೆ ನಗಣ್ಯವಾಗಿದ್ದರೆ, ಆಸ್ತಿ ಖಾಲಿ ಬಿದ್ದಿದೆಯೇ, ಬೆಲೆ ಕಟ್ಟಿದವರು ಸ್ವತಂತ್ರ ಮೌಲ್ಯಮಾಪಕರೇ ಎಂದು ನೋಡಿ. ಆ ವಿವರವೂ ಅದೇ ಟಿಪ್ಪಣಿಯಲ್ಲಿರಬೇಕು. ಇಲ್ಲದಿದ್ದರೆ ವಾರ್ಷಿಕ ಸಭೆಯಲ್ಲಿ ಕೇಳುವ ಹಕ್ಕು ಷೇರುದಾರರಿಗಿದೆ.